ಎರಡು ಇಂಟರ್ನಲ್ಸ್ ನಡುವಿನ ಐದು ವಾರ

ಓದುತ್ತಲೇ ಫ್ರೀಲಾನ್ಸ್ ಕೆಲಸ ಮಾಡಬೇಕೆಂದುಕೊಂಡ ವಿದ್ಯಾರ್ಥಿಗಳು ಮೊದಲು ಕೇಳುವುದು, ಕೆಲಸ ಎಲ್ಲಿ ಸಿಗುತ್ತದೆ ಎಂದು. ಅವರು ಎಡವುವುದು ಮಾತ್ರ ಬೇರೆ ಕಡೆ. ಕೆಲಸ ಹೇಗೋ ಸಿಗುತ್ತದೆ: ಮಾವನ ಅಂಗಡಿಗೆ ಒಂದು ವೆಬ್‌ಸೈಟು, ಪರಿಚಯದವರ ಕೋಚಿಂಗ್ ಸೆಂಟರಿಗೆ ಪೋಸ್ಟರು, ಯಾರದೋ ಯೂಟ್ಯೂಬ್ ಚಾನೆಲ್ಲಿಗೆ ಎಡಿಟಿಂಗು. ಎರಡು ವಾರದಲ್ಲಿ ಮುಗಿಯುತ್ತದೆ ಎಂದು ಒಪ್ಪಿಕೊಂಡದ್ದು ಎರಡು ತಿಂಗಳಿಗೆ ಎಳೆಯುತ್ತದೆ. ಅಷ್ಟರಲ್ಲಿ ಇಂಟರ್ನಲ್ಸ್ ಬರುತ್ತದೆ, ಲ್ಯಾಬ್ ರೆಕಾರ್ಡ್ ಬಾಕಿ ಉಳಿದಿರುತ್ತದೆ, ಕೆಲಸ ಕೊಟ್ಟವರ ಫೋನು ತೆಗೆಯಲು ಮುಜುಗರವಾಗುತ್ತದೆ. ಕೊನೆಗೆ ದುಡ್ಡೂ ಪೂರ್ತಿ ಬರುವುದಿಲ್ಲ, ಹೆಸರೂ ಉಳಿಯುವುದಿಲ್ಲ.

ಹೀಗಾಗುವುದಕ್ಕೆ ಕೌಶಲದ ಕೊರತೆ ಕಾರಣವಾಗುವುದು ಅಪರೂಪ. ಕೆಲಸದ ಅಳತೆಯನ್ನು ಸೆಮಿಸ್ಟರಿನ ಅಳತೆಗೆ ಹೊಂದಿಸದೇ ಇರುವುದೇ ಹೆಚ್ಚಿನ ಸಲ ಕಾರಣ. ವಿದ್ಯಾರ್ಥಿಯ ವರ್ಷದಲ್ಲಿ ಹೊರಗಿನ ಕೆಲಸಕ್ಕೆ ಜಾಗವಿರುವುದು ಕೆಲವೇ ವಾರ, ಮತ್ತು ಆ ವಾರಗಳು ಯಾವುವು ಎಂಬುದು ಮೊದಲೇ ಗೊತ್ತಿರುತ್ತದೆ. ಅದರೊಳಗೆ ಶುರುವಾಗಿ ಅದರೊಳಗೇ ಮುಗಿಯುವ ಕೆಲಸವನ್ನಷ್ಟೇ ಹಿಡಿಯಬೇಕು. ಇದನ್ನು ಹೇಗೆ ಮಾಡಬಹುದೆಂದು ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು ನೋಡೋಣ.

ಉದಾಹರಣೆಗೆ, ಹಾಸನದಲ್ಲಿ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿರುವ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ವೆಬ್‌ಸೈಟ್ ಮಾಡುವುದನ್ನು ತಕ್ಕಮಟ್ಟಿಗೆ ಕಲಿತಿದ್ದಾಳೆ. ಸಕಲೇಶಪುರದ ಕಡೆ ಕಾಫಿ ತೋಟದೊಳಗೆ ಹೋಂಸ್ಟೇ ನಡೆಸುವವರೊಬ್ಬರು ಗೆಳತಿಯ ಮೂಲಕ ಅವಳನ್ನು ಕೇಳಿದ್ದಾರೆ: “ನಮಗೊಂದು ವೆಬ್‌ಸೈಟ್ ಮಾಡಿಕೊಡ್ತೀಯೇನಮ್ಮಾ?” ಇದಕ್ಕೆ ಹೂಂ ಅನ್ನುವ ಮೊದಲು ಅವಳು ಮಾಡಬೇಕಾದ ಲೆಕ್ಕಗಳಿವೆ.

ಮೊದಲ ಲೆಕ್ಕ: ಕ್ಯಾಲೆಂಡರ್

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಪ್ರತಿ ವಿಷಯಕ್ಕೂ ಶೇ 85ರ ಹಾಜರಿ ಕೇಳುತ್ತದೆ. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 40 ತರಗತಿ ನಡೆದರೆ 34ಕ್ಕೆ ಹಾಜರಿರಬೇಕು, ತಪ್ಪಿಸಿಕೊಳ್ಳಬಹುದಾದದ್ದು ಆರು. ಜ್ವರ, ಮನೆಯ ಮದುವೆ, ಊರ ಹಬ್ಬ ಎಲ್ಲವೂ ಆ ಆರರೊಳಗೇ ಆಗಬೇಕು. ಹಾಗಾಗಿ ಕ್ಲಾಸಿಗೆ ಚಕ್ಕರ್ ಹೊಡೆದು ಪ್ರಾಜೆಕ್ಟ್ ಮುಗಿಸುತ್ತೇನೆ ಎಂಬ ಯೋಚನೆಯನ್ನು ಆರಂಭದಲ್ಲೇ ಕೈಬಿಡುವುದು ಒಳ್ಳೆಯದು.

ಅಂಕಗಳ ವಿಷಯವೂ ಹಾಗೇ. 2022ರ ಸ್ಕೀಮಿನಲ್ಲಿ ಥಿಯರಿ ವಿಷಯದ ನೂರು ಅಂಕಗಳಲ್ಲಿ 50 ಇಂಟರ್ನಲ್ಸಿನದು. ಅದರಲ್ಲಿ ಕನಿಷ್ಠ 20 ಬಾರದಿದ್ದರೆ ಸೆಮಿಸ್ಟರಿನ ಕೊನೆಯ ಪರೀಕ್ಷೆಗೆ ಕೂರಲು ಅರ್ಹತೆಯೇ ಇಲ್ಲ. ಪರೀಕ್ಷೆಯೊಂದು ಕೊನೆಯಲ್ಲಿದೆ, ಅಲ್ಲಿಯವರೆಗೆ ಪುರುಸೊತ್ತಿದೆ ಎಂಬ ಹಳೆಯ ಕಾಲದ ಭಾವನೆ ಈಗ ನಡೆಯುವುದಿಲ್ಲ. ಟೆಸ್ಟು, ಅಸೈನ್‌ಮೆಂಟು, ಲ್ಯಾಬು ಎಂದು ಅಂಕಗಳು ಸೆಮಿಸ್ಟರಿನುದ್ದಕ್ಕೂ ಹರಡಿಕೊಂಡಿವೆ. ಬಿಎ, ಬಿಕಾಂ, ಬಿಸಿಎ ಓದುವವರ ಅಂಕಿಗಳು ಬೇರೆ ಇರಬಹುದು. ಆದರೆ ಲೆಕ್ಕದ ರೀತಿ ಅದೇ.

ಸೆಮಿಸ್ಟರ್ ಶುರುವಾದಾಗ ಕಾಲೇಜು ಕ್ಯಾಲೆಂಡರ್ ಆಫ್ ಈವೆಂಟ್ಸ್ ಹೊರಡಿಸುತ್ತದೆ. ನೋಟಿಸ್ ಬೋರ್ಡಿನಲ್ಲಿ ನೋಡಿ ಮರೆತುಬಿಡುವ ಈ ಹಾಳೆಯೇ ಫ್ರೀಲಾನ್ಸ್ ಮಾಡುವ ವಿದ್ಯಾರ್ಥಿಯ ಮುಖ್ಯ ದಾಖಲೆ. ನಮ್ಮ ಹುಡುಗಿಯ ಕ್ಯಾಲೆಂಡರಿನಲ್ಲಿ ಮೊದಲ ಇಂಟರ್ನಲ್ಸ್ ಏಳನೇ ವಾರ ಮುಗಿಯುತ್ತದೆ, ಎರಡನೆಯದು ಹದಿನಾಲ್ಕನೇ ವಾರ ಶುರುವಾಗುತ್ತದೆ ಎಂದುಕೊಳ್ಳಿ. ನಡುವೆ ಆರು ವಾರ. ಎರಡನೇ ಟೆಸ್ಟಿನ ಹಿಂದಿನ ವಾರವನ್ನು ಓದಿಗೆ ಬಿಟ್ಟರೆ ಉಳಿಯುವುದು ಐದು. ಎರಡನೇ ಇಂಟರ್ನಲ್ಸ್ ಆದ ಮೇಲೆ ಲ್ಯಾಬ್ ಪರೀಕ್ಷೆ, ಥಿಯರಿ ಪರೀಕ್ಷೆ ಬೆನ್ನುಬೆನ್ನಿಗೆ ಬರುವುದರಿಂದ ಆ ಕಡೆ ತಲೆಹಾಕುವಂತಿಲ್ಲ. ರಜೆಯನ್ನು ಬಿಟ್ಟರೆ ಈ ಐದು ವಾರವೇ ಅವಳ ಕೈಯಲ್ಲಿರುವ ಒಳ್ಳೆಯ ಅವಧಿ.

ಇನ್ನು ವಾರಕ್ಕೆ ಎಷ್ಟು ಗಂಟೆ? ಐದು ದಿನ ಸಂಜೆ ಒಂದೊಂದು ಗಂಟೆ, ಭಾನುವಾರ ಬೆಳಗ್ಗೆ ಮೂರು ಗಂಟೆ ಎಂದರೆ ಎಂಟು. ಐದು ವಾರಕ್ಕೆ 40 ಗಂಟೆ. ಇಷ್ಟನ್ನೂ ಕೆಲಸಕ್ಕೆ ಒಪ್ಪಿಸಿಬಿಡುವುದು ಅಪಾಯ. ಒಂದು ವಾರ ಹುಷಾರು ತಪ್ಪಬಹುದು, ಒಂದು ಭಾನುವಾರ ಊರಿಗೆ ಹೋಗಬೇಕಾಗಬಹುದು, ಯಾವುದೋ ಮಿನಿ ಪ್ರಾಜೆಕ್ಟಿನ ರಿವ್ಯೂ ಧುತ್ತೆಂದು ಎದುರಾಗಬಹುದು. ಆದ್ದರಿಂದ 40ರಲ್ಲಿ ಸುಮಾರು 24 ಗಂಟೆಗಳ ಕೆಲಸವನ್ನಷ್ಟೇ ಒಪ್ಪಿಕೊಂಡರೆ ಉಳಿದದ್ದು ಆಪತ್ತಿಗೆ ಆಗುತ್ತದೆ. ಹೋಂಸ್ಟೇ ಕೆಲಸ ಈ 24 ಗಂಟೆಯೊಳಗೆ ಕೂರುತ್ತದೆಯೇ ಎಂಬುದು ಮುಂದಿನ ಪ್ರಶ್ನೆ.

ಎರಡನೇ ಲೆಕ್ಕ: ಕೆಲಸದ ಗಾತ್ರ

“ಒಂದು ವೆಬ್‌ಸೈಟ್” ಎಂಬ ಮಾತಿಗೆ ಗಾತ್ರವಿಲ್ಲ. ಕೇಳಿದವರ ಮನಸ್ಸಿನಲ್ಲಿ ಏನಿದೆ ಎಂದು ಬಿಡಿಸಿ ನೋಡದೆ ಬೆಲೆ ಹೇಳಿದರೆ ಅಲ್ಲಿಂದಲೇ ಜಗಳದ ಬೀಜ ಬಿದ್ದ ಹಾಗೆ. ಹೋಂಸ್ಟೇಯವರ ಜೊತೆ ಅರ್ಧ ಗಂಟೆ ಮಾತಾಡಿದರೆ ಸಾಮಾನ್ಯವಾಗಿ ಹೊರಬೀಳುವ ಪಟ್ಟಿ ಇದು: ಕೋಣೆಗಳ ಫೋಟೊ, ಊಟದ ವಿವರ, ಸುತ್ತಮುತ್ತ ನೋಡುವ ಜಾಗಗಳು, ಬರುವ ದಾರಿ, ಫೋನ್ ನಂಬರು. ಕೊನೆಗೆ, “ಹಾಗೇ ಆನ್‌ಲೈನ್ ಬುಕಿಂಗೂ ಇರಲಿ.”

ಮೊದಲ ಐದು ಸೇರಿದರೆ ಐದು ಪುಟದ ಸರಳ ತಾಣ. ಆರನೆಯದು ಸೇರಿದರೆ ಅದು ಬೇರೆಯೇ ಜಾತಿಯ ಕೆಲಸ. ಬುಕಿಂಗ್ ಎಂದರೆ ಯಾವ ಕೋಣೆ ಯಾವ ದಿನ ಖಾಲಿ ಎಂಬ ಲೆಕ್ಕ ಇಡಬೇಕು. ಪೇಮೆಂಟ್ ಗೇಟ್‌ವೇ ಬೇಕು, ಅದಕ್ಕೆ ಮಾಲೀಕರ ಹೆಸರಿನಲ್ಲಿ ಕೆವೈಸಿ ಆಗಬೇಕು. ಹಣ ಕಟ್ಟಿದ ಮೇಲೆ ಬುಕಿಂಗ್ ರದ್ದಾದರೆ ವಾಪಸ್ ಕೊಡುವ ವ್ಯವಸ್ಥೆಯೂ ಬೇಕು. ಒಂದೇ ಕೋಣೆ ಇಬ್ಬರಿಗೆ ಹೋದರೆ ಹೊಣೆ ಯಾರದು ಎಂಬ ಪ್ರಶ್ನೆ ನಡುರಾತ್ರಿ ಫೋನಾಗಿ ಬರುತ್ತದೆ. ಪರೀಕ್ಷೆ ಬರೆಯುವ ವಿದ್ಯಾರ್ಥಿ ಇದನ್ನು ಹೊರಬಾರದು. ಬದಲಿಗೆ ಪುಟದ ಕೆಳಗೆ ವಾಟ್ಸಾಪ್ ಬಟನ್ ಒಂದನ್ನು ಇಟ್ಟರೆ ಸಾಕು. `https://wa.me/` ಎಂಬ ವಿಳಾಸದ ಮುಂದೆ 91 ಸೇರಿಸಿ ಮಾಲೀಕರ ನಂಬರು ಬರೆದರೆ, ಅದನ್ನು ಒತ್ತಿದ ಅತಿಥಿಗೆ ನೇರ ಚಾಟ್ ತೆರೆಯುತ್ತದೆ. ಹೋಂಸ್ಟೇಯವರು ಕೋಣೆ ಕೊಡುವ ಮೊದಲು ಅತಿಥಿಗಳ ಜೊತೆ ಹೇಗೂ ಮಾತಾಡುತ್ತಾರೆ. ಹಾಗಾಗಿ ಅವರ ವ್ಯವಹಾರಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ.

ಈಗ ಕೆಲಸವನ್ನು ಗಂಟೆಗಳಿಗೆ ಇಳಿಸೋಣ. ಮಾಲೀಕರ ಜೊತೆ ಮಾತುಕತೆಗೆ 3 ಗಂಟೆ. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರಹ ಸಿದ್ಧಪಡಿಸಲು 4. ಫೋಟೊ ಆರಿಸಿ ಕಿರಿದು ಮಾಡಲು 2. ಮೊದಲ ಪುಟಕ್ಕೆ 5, ಉಳಿದ ನಾಲ್ಕು ಪುಟಕ್ಕೆ ಒಟ್ಟು 4. ಬೇರೆ ಬೇರೆ ಮೊಬೈಲಿನಲ್ಲಿ ತೆರೆದು ಪರೀಕ್ಷಿಸಲು 2. ಎರಡು ಸುತ್ತಿನ ತಿದ್ದುಪಡಿಗೆ 3. ಡೊಮೇನ್ ಜೋಡಿಸಿ ಒಪ್ಪಿಸಲು 1. ಒಟ್ಟು 24.

ಈ ಪಟ್ಟಿಯಲ್ಲಿ ಕೋಡ್ ಬರೆಯುವುದು 9 ಗಂಟೆ ಮಾತ್ರ ಎಂಬುದನ್ನು ಗಮನಿಸಿ. ಕಾಲೇಜಿನ ಪ್ರಾಜೆಕ್ಟಿಗೂ ಹೊರಗಿನ ಕೆಲಸಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ವಿದ್ಯಾರ್ಥಿಗಳು ಅಂದಾಜು ಹಾಕುವಾಗ ಆ ಒಂಬತ್ತನ್ನಷ್ಟೇ ಎಣಿಸುತ್ತಾರೆ, ಉಳಿದ ಹದಿನೈದು ಅವರ ನಿದ್ದೆಯಿಂದ ಹೋಗುತ್ತದೆ.

ಸಣ್ಣ ಕೆಲಸದ ಸಣ್ಣ ತೊಡಕುಗಳು

ಆ ಹದಿನೈದು ಗಂಟೆಯಲ್ಲಿ ಏನೇನಿರುತ್ತದೆ ಎಂಬುದಕ್ಕೆ ಕೆಲವು ಮಾದರಿಗಳು. ಮಾಲೀಕರು ಹಳೆಯ ಬ್ರೋಷರಿನ ಫೈಲ್ ಕಳಿಸುತ್ತಾರೆ. ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಶ್ರೀಲಿಪಿಯಲ್ಲಿ ಮಾಡಿಸಿದ್ದಾದರೆ ಅದರ ಕನ್ನಡವನ್ನು ನಕಲು ಮಾಡಿ ವೆಬ್ ಪುಟಕ್ಕೆ ಹಾಕಿದಾಗ ಅರ್ಥವಿಲ್ಲದ ಗುರುತುಗಳು ಮೂಡುತ್ತವೆ. ಆ ತಂತ್ರಾಂಶಗಳ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲದಿರುವುದು ಇದಕ್ಕೆ ಕಾರಣ. ಪರಿವರ್ತಕಗಳಿವೆ, ಆದರೆ ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ. ಪುಟ ಚಿಕ್ಕದಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಫೋಟೊಗಳನ್ನು ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಅವು ಕುಗ್ಗಿ, ದೊಡ್ಡ ಪರದೆಯಲ್ಲಿ ಮಸುಕಾಗಿ ಕಾಣುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೊದಲೇ ಹೇಳಬೇಕು. ಹಾಗೆ ಬಂದ ಮೂಲ ಫೋಟೊ ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ಹಾಗೇ ಪುಟಕ್ಕೇರಿಸಿದರೆ ಹಾಸನದ ಹಾಸ್ಟೆಲ್ಲಿನ ವೈಫೈನಲ್ಲಿ ಸರಿಯಾಗಿಯೇ ತೆರೆಯುತ್ತದೆ. ಘಟ್ಟದ ತಿರುವಿನಲ್ಲಿ ಒಂದು ಗೆರೆ ನೆಟ್‌ವರ್ಕ್ ಹಿಡಿದುಕೊಂಡು ದಾರಿ ಹುಡುಕುವ ಅತಿಥಿಗೆ ಮಾತ್ರ ಸುತ್ತುವ ಚಕ್ರವೊಂದೇ ಕಾಣುತ್ತದೆ. ಪ್ರತಿ ಚಿತ್ರವನ್ನೂ 200–300 ಕೆಬಿಗೆ ಇಳಿಸಿ, ಫೋನಿನ ನೆಟ್‌ವರ್ಕನ್ನು ಬೇಕೆಂದೇ ನಿಧಾನದ ಮಟ್ಟಕ್ಕಿಟ್ಟು ತೆರೆದು ನೋಡಬೇಕು. ಹೀಗೆ ಪರೀಕ್ಷಿಸಿದೆ ಎಂದು ಮಾಲೀಕರಿಗೆ ತೋರಿಸಿದರೆ ಅದು ಅವರಿಗೂ ಅರ್ಥವಾಗುತ್ತದೆ, ಏಕೆಂದರೆ ಅವರೂ ಅದೇ ನೆಟ್‌ವರ್ಕಿನಲ್ಲಿ ಬದುಕುವವರು.

ಡೊಮೇನ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. `.in` ಹೆಸರನ್ನು ಮಾಲೀಕರ ಹೆಸರು, ಅವರದೇ ಇಮೇಲ್, ಅವರದೇ ಫೋನ್ ನಂಬರಿನಲ್ಲಿ ನೋಂದಾಯಿಸಬೇಕು, ದುಡ್ಡನ್ನೂ ಅವರೇ ಕಟ್ಟಬೇಕು. ಅನುಕೂಲಕ್ಕೆಂದು ವಿದ್ಯಾರ್ಥಿ ತನ್ನ ಖಾತೆಯಲ್ಲಿ ಕೊಂಡರೆ ಮುಂದಿನ ವರ್ಷ ನವೀಕರಣದ ನೆನಪೋಲೆ ಬರುವುದು ಅವಳ ಇಮೇಲಿಗೆ. ಆಗ ಅವಳು ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿರುತ್ತಾಳೆ. ಒಂದು ದಿನ ತಾಣ ಮಾಯವಾಗುತ್ತದೆ, ಬೈಗುಳ ಅವಳಿಗೆ ಬೀಳುತ್ತದೆ.

ಉಚಿತ ಸೌಲಭ್ಯಗಳ ಷರತ್ತುಗಳನ್ನೂ ಓದಬೇಕು. ವಿದ್ಯಾರ್ಥಿಗಳು ಹೆಚ್ಚು ಬಳಸುವ ವರ್ಸೆಲ್‌ನ ಉಚಿತ ಹಾಬಿ ಯೋಜನೆ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ. ಆಟೊಡೆಸ್ಕ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುವ ಆಟೊಕ್ಯಾಡನ್ನೂ ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ಸಿವಿಲ್ ಓದುವವರು ಮನೆ ಪ್ಲಾನ್ ಬರೆದುಕೊಡಲು ಹೊರಟಾಗ ಇದನ್ನು ಮರೆಯುತ್ತಾರೆ. ಪರವಾನಗಿ ಇಲ್ಲದ ಸಾಧನದ ಖರ್ಚನ್ನು ಮೊದಲೇ ಬೆಲೆಯಲ್ಲಿ ಸೇರಿಸಬೇಕು, ಅಥವಾ ಬೇರೆ ಸಾಧನ ಹುಡುಕಬೇಕು.

ಬೆಲೆ ಮತ್ತು ಬರಹದಲ್ಲಿ ಒಪ್ಪಂದ

24 ಗಂಟೆಗೆ ಎಷ್ಟು ಕೇಳುವುದು? ಹೊಸಬರಿಗೆ ಒಂದು ನೆಲಮಟ್ಟದ ಅಳತೆ ಸಿಗುವುದು ಹೀಗೆ: ಅದೇ ಗಂಟೆಗಳನ್ನು ಮಕ್ಕಳಿಗೆ ಮನೆಪಾಠ ಹೇಳಲು ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು? ಅದಕ್ಕಿಂತ ಕಡಿಮೆಗೆ ಮಾಡುವುದರಲ್ಲಿ ಅರ್ಥವಿಲ್ಲ. ನಮ್ಮ ಹುಡುಗಿ ಗಂಟೆಗೆ 300 ರೂಪಾಯಿ ಎಂದು ಹಿಡಿದಳು ಎಂದಿಟ್ಟುಕೊಂಡರೆ 7,200 ಆಗುತ್ತದೆ, 7,500 ಹೇಳಬಹುದು. ಇದು ಉದಾಹರಣೆಯ ಅಂಕಿ, ಮಾರುಕಟ್ಟೆಯ ದರವಲ್ಲ. ಮುಖ್ಯವಾದದ್ದು, ಮಾಲೀಕರಿಗೆ ಗಂಟೆಯ ದರ ಹೇಳದೆ ಇಡೀ ಕೆಲಸದ ಬೆಲೆ ಹೇಳುವುದು. ಗಂಟೆಯ ಲೆಕ್ಕ ಅವಳ ನೋಟ್‌ಬುಕ್ಕಿಗೆ ಮಾತ್ರ.

ಮೊದಲ ಕೆಲಸ ಪುಕ್ಕಟೆ ಮಾಡಿಕೊಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಪುಕ್ಕಟೆ ಕೆಲಸದ ತೊಂದರೆ ಎಂದರೆ ಕೊಟ್ಟವರಿಗೂ ಅದರಲ್ಲಿ ಅವಸರ ಇರುವುದಿಲ್ಲ. ಬರಹ ಕಳಿಸುವುದಿಲ್ಲ, ನೋಡಿ ಹೇಳುವುದಿಲ್ಲ, ಐದು ವಾರ ಹಾಗೇ ಕಳೆಯುತ್ತದೆ. ಕಡಿಮೆಯಾದರೂ ಸರಿ, ಮುಂಗಡ ಕೊಟ್ಟವರು ಫೋಟೊ ಬೇಗ ಕಳಿಸುತ್ತಾರೆ. ಆದ್ದರಿಂದ ಹಣವನ್ನು ಮೂರು ಭಾಗ ಮಾಡಬೇಕು: ಶುರುವಿಗೆ 3,000, ಮೊದಲ ಕರಡು ತೋರಿಸಿದಾಗ 3,000, ಒಪ್ಪಿಸುವಾಗ 1,500. ಕೊನೆಯ ಕಂತು ಸಣ್ಣದಿರಲಿ. ಯಾವುದಾದರೂ ಕಾರಣಕ್ಕೆ ಅದು ಬಾರದಿದ್ದರೂ ಅವಳ ದುಡಿಮೆಯ ಮುಖ್ಯಭಾಗ ಕೈಸೇರಿರುತ್ತದೆ.

ಇಷ್ಟನ್ನೂ ಸ್ಟಾಂಪ್ ಪೇಪರಿನಲ್ಲಿ ಬರೆಯಬೇಕಿಲ್ಲ. ಒಂದು ವಾಟ್ಸಾಪ್ ಸಂದೇಶ ಸಾಕು, ಮಾಲೀಕರು ಅದಕ್ಕೆ “ಒಪ್ಪಿಗೆ” ಎಂದು ಉತ್ತರಿಸಿರಬೇಕು. ಉದಾಹರಣೆಗೆ ಹೀಗೆ:

“ಸರ್, ನಮಸ್ಕಾರ. ನಾವು ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ಐದು ಪುಟದ ವೆಬ್‌ಸೈಟ್, ಕನ್ನಡ ಮತ್ತು ಇಂಗ್ಲಿಷಿನಲ್ಲಿ, ವಾಟ್ಸಾಪ್ ಬಟನ್ ಸಹಿತ. ಆನ್‌ಲೈನ್ ಬುಕಿಂಗ್ ಇದರಲ್ಲಿ ಸೇರಿಲ್ಲ. ಒಟ್ಟು 7,500 ರೂಪಾಯಿ, ಮೂರು ಕಂತಿನಲ್ಲಿ. ಡೊಮೇನ್ ಮತ್ತು ಹೋಸ್ಟಿಂಗ್ ಖರ್ಚು ಬೇರೆ, ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ. ಫೋಟೊ ಮತ್ತು ವಿವರ ಪೂರ್ತಿ ನನ್ನ ಕೈಸೇರಿದ ದಿನದಿಂದ ಮೂರು ವಾರದಲ್ಲಿ ಕರಡು ತೋರಿಸುತ್ತೇನೆ. ಎರಡು ಸಲ ತಿದ್ದುಪಡಿ ಮಾಡಿಕೊಡುತ್ತೇನೆ, ಆಮೇಲಿನ ಬದಲಾವಣೆಗೆ ಬೇರೆ ದರ. ನವೆಂಬರ್ 20ರಿಂದ ನನಗೆ ಪರೀಕ್ಷೆಗಳಿವೆ. ಅಷ್ಟರೊಳಗೆ ವಿವರಗಳು ಸಿಗದಿದ್ದರೆ ಉಳಿದ ಕೆಲಸ ಪರೀಕ್ಷೆ ಮುಗಿದ ಮೇಲೆ.”

ಇದರಲ್ಲಿ ಎರಡು ವಾಕ್ಯಗಳು ವಿದ್ಯಾರ್ಥಿಯನ್ನು ಕಾಪಾಡುತ್ತವೆ. ಒಂದು, ಗಡುವನ್ನು ಸಾಮಗ್ರಿ ಕೈಸೇರಿದ ದಿನದಿಂದ ಎಣಿಸುವುದು. ಇಂಥ ಕೆಲಸಗಳು ಹೆಚ್ಚಾಗಿ ತಡವಾಗುವುದು ಮಾಲೀಕರ ಕಡೆಯಿಂದ, ಅದೂ ಕೆಟ್ಟ ಉದ್ದೇಶದಿಂದಲ್ಲ. ಕಾಫಿ ಕೊಯ್ಲು ಶುರುವಾದರೆ ಅವರಿಗೆ ವೆಬ್‌ಸೈಟ್ ನೆನಪಿರುವುದಿಲ್ಲ. ಇನ್ನೊಂದು, ಪರೀಕ್ಷೆಯ ತಾರೀಕನ್ನು ಮೊದಲೇ ಬಾಯಿಬಿಟ್ಟು ಹೇಳುವುದು. ವಿದ್ಯಾರ್ಥಿ ಎಂದು ಗೊತ್ತಾದರೆ ಕೆಲಸ ಕೊಡುವುದಿಲ್ಲ ಎಂದು ಹಲವರು ಇದನ್ನು ಮುಚ್ಚಿಡುತ್ತಾರೆ. ಆಮೇಲೆ ಪರೀಕ್ಷೆಯ ಹೊತ್ತಿಗೆ ನೆಪ ಹುಡುಕುತ್ತಾರೆ. ನವೆಂಬರ್ 20ರ ಮಾತನ್ನು ಮೊದಲ ದಿನವೇ ಹೇಳಿದವಳ ಬಗ್ಗೆ ಮಾಲೀಕರಿಗೆ ಮೂಡುವ ಅಭಿಪ್ರಾಯವೇ ಬೇರೆ.

ವಯಸ್ಸಿನ ಒಂದು ಮಾತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಅಪ್‌ವರ್ಕ್‌ನಂಥ ಅಂತರರಾಷ್ಟ್ರೀಯ ತಾಣವೂ 18 ದಾಟಿದವರಿಗೇ ಖಾತೆ ಕೊಡುತ್ತದೆ. ಪಿಯುಸಿ ಓದುವವರು ಮಾಡುವುದಿದ್ದರೆ ಅಪ್ಪ ಅಮ್ಮನ ಮೂಲಕವೇ ಮಾಡಬೇಕು.

“ಇದೊಂದು ಚಿಕ್ಕದು” ಎಂಬ ಬೇಡಿಕೆ

ಮೂರನೇ ವಾರ ಕರಡು ತೋರಿಸಿದ ಮೇಲೆ ಬರುವ ಫೋನನ್ನು ಯಾರು ಬೇಕಾದರೂ ಊಹಿಸಬಹುದು. “ಚೆನ್ನಾಗಿದೆ ಕಣಮ್ಮಾ. ಇದರಲ್ಲೇ ನಮ್ಮ ಕಾಫಿ ಪುಡಿ ಮಾರೋಕೂ ಒಂದು ಪುಟ ಹಾಕಿಬಿಡು. ಹಾಗೇ ಇನ್‌ಸ್ಟಾಗ್ರಾಮಿಗೆ ನಾಲ್ಕು ಪೋಸ್ಟರು.” ಕೇಳಿದವರಿಗೆ ಇದು ನಿಜವಾಗಿಯೂ ಚಿಕ್ಕದೆಂದೇ ಅನ್ನಿಸಿರುತ್ತದೆ. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಅಗತ್ಯವಿಲ್ಲ, ಸುಮ್ಮನೆ ಒಪ್ಪಿಕೊಳ್ಳುವ ಅಗತ್ಯವೂ ಇಲ್ಲ. “ಖಂಡಿತ ಮಾಡೋಣ ಸರ್. ಪೋಸ್ಟರು ನಾಲ್ಕಕ್ಕೆ ಇಷ್ಟಾಗುತ್ತದೆ, ಪರೀಕ್ಷೆ ಮುಗಿಸಿ ಜನವರಿಯಲ್ಲಿ ಶುರು ಮಾಡುತ್ತೇನೆ” ಎಂದರೆ ಮಾತು ಮುಗಿಯಿತು. ಬೆಲೆ ಮತ್ತು ತಾರೀಕು ಎರಡನ್ನೂ ಜೊತೆಗೆ ಹೇಳಿದಾಗ ಬೇಡಿಕೆಗಳಲ್ಲಿ ಅರ್ಧ ತಾವಾಗಿಯೇ ಕರಗುತ್ತವೆ. ಉಳಿದವು ಮುಂದಿನ ಕೆಲಸವಾಗುತ್ತವೆ.

ಕೆಲಸ ಹಳಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ? ನೋಟ್‌ಬುಕ್ಕಿನಲ್ಲಿ ಪ್ರತಿದಿನ ಎಷ್ಟು ಗಂಟೆ ಹೋಯಿತೆಂದು ಬರೆದಿಟ್ಟರೆ ತಿಳಿಯುತ್ತದೆ. 24ರಲ್ಲಿ 12 ಗಂಟೆ ಕಳೆದಾಗ ಮೊದಲ ಪುಟ ಸಿದ್ಧವಿರಬೇಕು. ಇಲ್ಲವಾದರೆ ಆ ದಿನವೇ ಮಾಲೀಕರಿಗೆ ತಿಳಿಸಬೇಕು. ಗಡುವಿನ ಹತ್ತು ದಿನ ಮೊದಲು ಹೇಳಿದ ತಡವನ್ನು ಜನ ಕ್ಷಮಿಸುತ್ತಾರೆ, ಗಡುವು ದಾಟಿದ ಮೇಲೆ ಹೇಳಿದ್ದನ್ನು ಕ್ಷಮಿಸುವುದು ಕಷ್ಟ. ಇನ್ನೂ ಒಂದು ಗುರುತಿದೆ: ಹೊರಗಿನ ಕೆಲಸಕ್ಕಾಗಿ ಒಂದೇ ವಿಷಯದ ಎರಡನೇ ಕ್ಲಾಸು ತಪ್ಪಿತೆಂದರೆ ಪ್ರಾಜೆಕ್ಟನ್ನು ಅಲ್ಲಿಗೆ ನಿಲ್ಲಿಸಿ ಲೆಕ್ಕ ನೋಡಬೇಕು. ಕ್ಯಾಂಪಸ್ಸಿಗೆ ಬರುವ ಎಷ್ಟೋ ಕಂಪನಿಗಳು ಶೇ 60 ಅಂಕ, ಬಾಕಿ ವಿಷಯ ಒಂದೂ ಇರಬಾರದು ಎಂಬ ಷರತ್ತು ಹಾಕುತ್ತವೆ. ಒಂದು ವಿಷಯ ಹಿಂದೆ ಬಿದ್ದು ಆ ಸಾಲಿನಿಂದ ಹೊರಗುಳಿದರೆ 7,500 ರೂಪಾಯಿಯ ಸಂಪಾದನೆ ತುಂಬಾ ದುಬಾರಿಯದು.

ಹೆಸರು ಬರುವುದು ಎರಡನೇ ಕೆಲಸದಿಂದ

ತಾಣ ತೆರೆಯಿತು, ಕೊನೆಯ ಕಂತು ಬಂತು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಇನ್ನೆರಡು ಗಂಟೆ ಖರ್ಚು ಮಾಡಿದರೆ ಈ ಕೆಲಸ ಮುಂದಿನ ಕೆಲಸವನ್ನು ತರುತ್ತದೆ. ಒಂದು ಪುಟದ ವಿವರ ಬರೆದಿಡಬೇಕು: ಮಾಲೀಕರಿಗೆ ಏನು ಬೇಕಿತ್ತು, ಏನು ಮಾಡಿಕೊಟ್ಟೆ, ಪುಟ ನಿಧಾನದ ನೆಟ್‌ವರ್ಕಿನಲ್ಲಿ ಎಷ್ಟು ಸೆಕೆಂಡಿನಲ್ಲಿ ತೆರೆಯುತ್ತದೆ, ಒಪ್ಪಿಕೊಂಡ ದಿನಕ್ಕೆ ಮುಗಿಸಿದೆನೇ. ಜೊತೆಗೆ ಮೊಬೈಲ್ ಪರದೆಯ ಎರಡು ಚಿತ್ರ. ಇವನ್ನು ಹೊರಗೆ ತೋರಿಸಲು ಮಾಲೀಕರ ಅನುಮತಿ ಕೇಳಬೇಕು. “ಐದು ವರ್ಷದ ಅನುಭವ, ಐವತ್ತು ಗ್ರಾಹಕರು” ಎಂಬ ಸುಳ್ಳು ಸಾಲುಗಳಿಗಿಂತ ಒಂದು ನಿಜವಾದ ತಾಣದ ವಿಳಾಸಕ್ಕೆ ತೂಕ ಹೆಚ್ಚು, ಏಕೆಂದರೆ ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಮಾಲೀಕರಿಗೆ ಫೋನು ಮಾಡಿ ಕೇಳಬಹುದು.

ಶಿಫಾರಸಿನ ಮಾತು ಕೇಳುವಾಗಲೂ ನಿರ್ದಿಷ್ಟವಾಗಿ ಕೇಳಬೇಕು. “ನನ್ನ ಬಗ್ಗೆ ಏನಾದರೂ ಬರೆದುಕೊಡಿ ಸರ್” ಎಂದರೆ “ಒಳ್ಳೆಯ ಹುಡುಗಿ, ಚೆನ್ನಾಗಿ ಮಾಡಿದ್ದಾಳೆ” ಎಂದು ಬರೆಯುತ್ತಾರೆ. “ಹೇಳಿದ ದಿನಕ್ಕೆ ಕೆಲಸ ಮುಗಿಯಿತೇ, ಈಗ ಅತಿಥಿಗಳು ದಾರಿ ಕೇಳಿ ಫೋನ್ ಮಾಡುವುದು ಕಡಿಮೆಯಾಗಿದೆಯೇ, ಅದನ್ನು ಬರೆಯಿರಿ” ಎಂದರೆ ಮುಂದಿನವರು ಓದಿ ನಂಬುವ ಮಾತು ಸಿಗುತ್ತದೆ.

ಎರಡನೇ ಕೆಲಸವಾಗಿ ಯಾವುದನ್ನು ಹಿಡಿಯಬೇಕು? ಹೊಸದನ್ನು ಕಲಿಯುವ ಆಸೆಯಿಂದ ಒಮ್ಮೆ ವೆಬ್‌ಸೈಟು, ಮುಂದಿನ ಸಲ ವಿಡಿಯೊ, ಆಮೇಲೆ ಲೋಗೊ ಎಂದು ಹಾರುವವರೇ ಹೆಚ್ಚು. ಕಲಿಕೆಗೆ ಅದು ಸರಿ. ಸಮಯ ಕಡಿಮೆ ಇರುವ ವಿದ್ಯಾರ್ಥಿಗೆ ಮಾತ್ರ ಇನ್ನೊಂದು ಹೋಂಸ್ಟೇಯೇ ಉತ್ತಮ. ಪುಟಗಳ ಚೌಕಟ್ಟು ಸಿದ್ಧವಿದೆ, ಯಾವ ಪ್ರಶ್ನೆ ಕೇಳಬೇಕೆಂದು ಗೊತ್ತಿದೆ, ಕಳಿಸಬೇಕಾದ ಸಂದೇಶವೂ ಫೋನಿನಲ್ಲಿದೆ. 24 ಗಂಟೆಯ ಕೆಲಸ 15ಕ್ಕೆ ಇಳಿದರೆ, ಅದೇ 7,500ಕ್ಕೆ ಗಂಟೆಯ ಸಂಪಾದನೆ 500 ಆಯಿತು. ದರ ಏರಿಸದೆಯೇ ಏರಿದ ಹಾಗೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಹೋಂಸ್ಟೇ ನಡೆಸುವವರು ಒಬ್ಬರಿಗೊಬ್ಬರು ಪರಿಚಯದವರು. ಇಂಥ ಕಡೆ “ಹೋಂಸ್ಟೇ ವೆಬ್‌ಸೈಟ್ ಮಾಡುವ ಹುಡುಗಿ” ಎಂಬ ಗುರುತು “ಎಲ್ಲ ಮಾಡುವ ಹುಡುಗಿ” ಎಂಬುದಕ್ಕಿಂತ ಬೇಗ ಹರಡುತ್ತದೆ. ಈ ತರ್ಕ ವೆಬ್‌ಸೈಟಿಗಷ್ಟೇ ಅಲ್ಲ. ಕನ್ನಡ ಎಂಎ ಓದುವವರು ಸ್ಥಳೀಯ ಸಂಘಗಳ ಸ್ಮರಣ ಸಂಚಿಕೆಗಳ ಕರಡು ತಿದ್ದುವುದನ್ನೇ ಹಿಡಿಯಬಹುದು. ಬಿಕಾಂನವರು ಸಣ್ಣ ಅಂಗಡಿಗಳ ಲೆಕ್ಕವನ್ನು ಟ್ಯಾಲಿಗೆ ಏರಿಸುವುದನ್ನೇ ಹಿಡಿಯಬಹುದು.

ದುಡ್ಡು, ಬಿಲ್ಲು, ಮೋಸ

ಸಣ್ಣ ಮೊತ್ತಕ್ಕೂ ಬಿಲ್ಲು ಕೊಡುವ ರೂಢಿ ಮೊದಲ ದಿನದಿಂದಲೇ ಇರಲಿ: ಹೆಸರು, ತಾರೀಕು, ಕ್ರಮಸಂಖ್ಯೆ, ಕೆಲಸದ ವಿವರ, ಮೊತ್ತ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಕಂಪನಿಗಳಿಗೆ ಕೆಲಸ ಮಾಡಿದಾಗ ಅವರು ಟಿಡಿಎಸ್ ಎಂದು ಒಂದು ಪಾಲು ಹಿಡಿದು ಕೊಡಬಹುದು. ಅದು ಕಳೆದುಹೋದ ಹಣವಲ್ಲ. ಪ್ಯಾನ್ ಕೊಟ್ಟಿದ್ದರೆ ಆ ಮೊತ್ತ ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನಮ್ಮ ಹೆಸರಿಗೆ ಕಾಣುತ್ತದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ವಿದ್ಯಾರ್ಥಿಗಳನ್ನೇ ಗುರಿಯಾಗಿಸಿದ ಮೋಸಗಳು ಕೆಲವಿವೆ. ಮನೆಯಲ್ಲೇ ಟೈಪಿಂಗ್ ಕೆಲಸ ಎಂದು ಮೊದಲು ನೋಂದಣಿ ಶುಲ್ಕ ಕೇಳುವುದು, ಆಮೇಲೆ ತಪ್ಪಿದೆ ಎಂದು ಹೇಳಿ ವಕೀಲರ ನೋಟಿಸಿನ ಹೆಸರಿನಲ್ಲಿ ಹೆದರಿಸಿ ಹಣ ಕೀಳುವುದು ಒಂದು. ಟೆಲಿಗ್ರಾಮಿನಲ್ಲಿ ಹೋಟೆಲುಗಳಿಗೆ ಸ್ಟಾರ್ ರೇಟಿಂಗ್ ಕೊಟ್ಟರೆ ದುಡ್ಡು ಎಂದು ಆರಂಭದಲ್ಲಿ ಸ್ವಲ್ಪ ಕೊಟ್ಟು, ಬಳಿಕ “ಡೆಪಾಸಿಟ್” ಕಟ್ಟಿಸಿಕೊಳ್ಳುವುದು ಇನ್ನೊಂದು. ಎಲ್ಲಕ್ಕಿಂತ ಅಪಾಯದ್ದು, ನಿಮ್ಮ ಬ್ಯಾಂಕ್ ಖಾತೆಗೆ ಹಣ ಬರುತ್ತದೆ, ಅದನ್ನು ಬೇರೆಯವರಿಗೆ ಕಳಿಸಿದರೆ ಕಮಿಷನ್ ಎಂಬ “ಕೆಲಸ”. ಅದು ಬೇರೆಯವರಿಂದ ಕದ್ದ ಹಣ. ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವರನ್ನು. ಕೆಲಸ ಕೊಡುವವರು ನಿಮ್ಮಿಂದ ಹಣ ಕೇಳಿದರೆ ಅದು ಕೆಲಸವಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಪಾವತಿಯ ಸ್ಕ್ರೀನ್‌ಶಾಟ್ ಬಂದರೆ ಸಾಲದು, ನಿಮ್ಮ ಖಾತೆಯಲ್ಲಿ ಮೊತ್ತ ಕಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು. ಮೋಸವಾಗಿದ್ದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ಅಥವಾ cybercrime.gov.in ತಾಣದಲ್ಲಿ ದೂರು ಕೊಡಬೇಕು.

ಮೋಸವಲ್ಲದಿದ್ದರೂ ಮುಟ್ಟಬಾರದ ಕೆಲಸವೊಂದಿದೆ. ಬೇರೆ ವಿದ್ಯಾರ್ಥಿಗಳ ಅಸೈನ್‌ಮೆಂಟು, ಕೊನೆಯ ವರ್ಷದ ಪ್ರಾಜೆಕ್ಟು ಬರೆದುಕೊಡುವುದು. ದುಡ್ಡು ಬೇಗ ಬರುತ್ತದೆ ನಿಜ. ಆದರೆ ಆ ಕೆಲಸವನ್ನು ಎಲ್ಲಿಯೂ ತೋರಿಸುವಂತಿಲ್ಲ, ಮಾಡಿಸಿಕೊಂಡವರು ನಿಮ್ಮ ಹೆಸರು ಹೇಳುವಂತಿಲ್ಲ, ಸಿಕ್ಕಿಬಿದ್ದರೆ ಇಬ್ಬರಿಗೂ ಕ್ರಮ. ಹೆಸರು ಗಳಿಸಲು ಹೊರಟವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಸೆಮಿಸ್ಟರಿಗೆ ಇಂಥ ಒಂದೇ ಕೆಲಸ ಮಾಡಿ, ರಜೆಯಲ್ಲಿ ಇನ್ನೊಂದು ಮಾಡಿದರೂ ಎರಡು ವರ್ಷದಲ್ಲಿ ಏಳೆಂಟು ಆಗುತ್ತವೆ. ಪದವಿ ಮುಗಿಯುವ ಹೊತ್ತಿಗೆ ಅಂಕಪಟ್ಟಿಯ ಜೊತೆಗೆ ಏಳೆಂಟು ನಿಜವಾದ ತಾಣಗಳ ವಿಳಾಸ, ಫೋನ್ ಮಾಡಿ ಕೇಳಬಹುದಾದ ಏಳೆಂಟು ಜನ ಇದ್ದರೆ ಸಂದರ್ಶನದಲ್ಲಿ ಮಾತಾಡಲು ಬೇಕಾದಷ್ಟಾಯಿತು. ಈಗ ಕೆಲಸ ಹುಡುಕುತ್ತಿರುವವರು ಮೊದಲು ಕಾಲೇಜಿನ ಕ್ಯಾಲೆಂಡರನ್ನು ತೆಗೆದು ಇಂಟರ್ನಲ್ಸ್ ತಾರೀಕುಗಳಿಗೆ ಕೆಂಪು ಗುರುತು ಹಾಕಿ. ನಡುವೆ ಉಳಿದ ವಾರಗಳನ್ನು ಎಣಿಸಿ, ವಾರಕ್ಕೆ ಎಂಟು ಗಂಟೆಯಂತೆ ಗುಣಿಸಿ, ಬಂದದ್ದರಲ್ಲಿ ಐದನೇ ಮೂರು ಪಾಲನ್ನಷ್ಟೇ ಇಟ್ಟುಕೊಳ್ಳಿ. ಅದಕ್ಕಿಂತ ದೊಡ್ಡ ಕೆಲಸ ಯಾರೇ ಕೊಟ್ಟರೂ, ಎಷ್ಟೇ ಕೊಡುತ್ತೇನೆಂದರೂ, ರಜೆಯವರೆಗೆ ಕಾಯಲು ಹೇಳಿ.